ದಾರ ಕತ್ತರಿಸಿದ ಮೇಲೆ ಉಳಿಯುವ ಲೆಕ್ಕ: ಪಾರಿಖ್ ಪ್ರಮೇಯವನ್ನು ತರಗತಿಗೆ ತರುವ ಒಂದು ಬಗೆ

ಗಣಕ ಸಿದ್ಧಾಂತದ ಪತ್ರಿಕೆಯನ್ನು ಓದಿದ ಪ್ರತಿಯೊಬ್ಬ ಬಿ.ಎಸ್ಸಿ. ವಿದ್ಯಾರ್ಥಿಗೂ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: aⁿbⁿ ಎಂಬ ಭಾಷೆ ಸಂದರ್ಭಮುಕ್ತ, ಆದರೆ ನಿಯಮಿತವಲ್ಲ. ಎಷ್ಟು a ಬಂದವೋ ಅಷ್ಟೇ b ಬರಬೇಕು. ಪರಿಮಿತ ಸ್ಥಿತಿಗಳಿರುವ ಯಂತ್ರಕ್ಕೆ a ಗಳ ಸಂಖ್ಯೆಯನ್ನು ಎಷ್ಟಾದರೂ ನೆನಪಿಟ್ಟುಕೊಳ್ಳಲು ಸಾಧ್ಯವಿಲ್ಲ. ಇದರಿಂದ ನಮ್ಮಲ್ಲಿ ಬಹಳ ಮಂದಿ, ಎಣಿಕೆಯ ವಿಷಯದಲ್ಲಿ ಸಂದರ್ಭಮುಕ್ತ ಭಾಷೆಗಳು ನಿಯಮಿತ ಭಾಷೆಗಳಿಗಿಂತ ಮುಂದಿವೆ ಎಂಬ ತೀರ್ಮಾನಕ್ಕೆ ಬರುತ್ತೇವೆ. ಆದರೆ ಅಕ್ಷರಗಳ ಎಣಿಕೆಯನ್ನು ಮಾತ್ರ ನೋಡಿದರೆ, ಎರಡರ ನಡುವೆ ಯಾವ ವ್ಯತ್ಯಾಸವೂ ಇಲ್ಲ. ಇದನ್ನು ತೋರಿಸಿಕೊಟ್ಟವರು 1936ರಲ್ಲಿ ಗುಜರಾತಿನ ಪಾಲನ್‌ಪುರದಲ್ಲಿ ಹುಟ್ಟಿದ ತರ್ಕಶಾಸ್ತ್ರಜ್ಞ ರೋಹಿತ್ ಪಾರಿಖ್. 1961ರಲ್ಲಿ ಅಮೆರಿಕದ ಎಂ.ಐ.ಟಿ.ಯ ಒಂದು ಸಂಶೋಧನಾ ವರದಿಯಲ್ಲಿ ಬಂದ ಈ ಫಲಿತಾಂಶ 1966ರಲ್ಲಿ ಪತ್ರಿಕಾ ಲೇಖನವಾಗಿ ಪ್ರಕಟವಾಯಿತು. ವಿಷಯ ಸಮೃದ್ಧಿ ಅವಧಿಗಾಗಿ ಈ ಪ್ರಮೇಯವನ್ನು ಸಹಪಾಠಿಗಳ ಮುಂದಿಡಲು ನಾನು ಸಿದ್ಧಪಡಿಸಿದ ಪಾಠದ ಮುಖ್ಯ ಭಾಗ ಇಲ್ಲಿದೆ.

ಮೊದಲಿಗೆ ಒಂದು ಎಚ್ಚರಿಕೆ. ಇಲ್ಲಿ 'ಅಕ್ಷರ' ಎಂದರೆ ವರ್ಣಮಾಲೆಯ ಒಂದು ಬಿಡಿ ಸಂಕೇತ. ಒತ್ತಕ್ಷರವನ್ನು ಒಂದು ಎಂದು ಎಣಿಸಬೇಕೋ ಎರಡು ಎಂದೋ ಎಂಬ ನಮ್ಮ ಕನ್ನಡದ ಚರ್ಚೆಗೆ ಇಲ್ಲಿ ಜಾಗವಿಲ್ಲ. ಗೊಂದಲ ಬೇಡವೆಂದು ಉದಾಹರಣೆಗಳಲ್ಲಿ a, b, c ಗಳನ್ನೇ ಇಟ್ಟುಕೊಂಡಿದ್ದೇನೆ.

ಬೋಧನೋಪಕರಣವಾಗಿ ಮೂರು ಬಣ್ಣದ ಮಣಿಗಳು, ದಾರ, ಮೂರು ಲೋಟಗಳು ಸಾಕು. ಒಂದು ಪದವೆಂದರೆ ಪೋಣಿಸಿದ ಮಣಿಸರ. ದಾರವನ್ನು ಕತ್ತರಿಸಿ, ಕೆಂಪು ಮಣಿಗಳನ್ನು ಒಂದು ಲೋಟಕ್ಕೆ, ಹಸಿರನ್ನು ಇನ್ನೊಂದಕ್ಕೆ, ನೀಲಿಯನ್ನು ಮತ್ತೊಂದಕ್ಕೆ ಹಾಕಿ ಎಣಿಸಿ. ಬಂದ ಮೂರು ಸಂಖ್ಯೆಗಳೇ ಆ ಪದದ ಎಣಿಕೆ. aabb ಎಂಬ ಪದದ ಎಣಿಕೆ (2, 2). abab ಎಂಬುದರದೂ (2, 2). ಕ್ರಮ ಹೋಯಿತು, ಪ್ರಮಾಣ ಉಳಿಯಿತು. ಈಗ aⁿbⁿ ಭಾಷೆಯ ಎಲ್ಲ ಸರಗಳನ್ನೂ ಹೀಗೆ ಕತ್ತರಿಸಿದರೆ (1, 1), (2, 2), (3, 3)... ಸಿಗುತ್ತವೆ. ab ಯನ್ನೇ ಮತ್ತೆ ಮತ್ತೆ ಬರೆಯುವ ab(ab)* ಎಂಬ ನಿಯಮಿತ ಭಾಷೆಯ ಸರಗಳನ್ನು ಕತ್ತರಿಸಿದರೂ ಸಿಗುವುದು ಇವೇ ಜೋಡಿಗಳು. ಲೋಟಗಳನ್ನಷ್ಟೇ ನೋಡುವವರಿಗೆ ಯಾವುದು ಯಾವ ಭಾಷೆಯಿಂದ ಬಂತೆಂದು ಹೇಳಲಾಗದು.

ಪಾರಿಖ್ ಪ್ರಮೇಯ ಹೇಳುವುದಿಷ್ಟು: ಪ್ರತಿ ಸಂದರ್ಭಮುಕ್ತ ಭಾಷೆಗೂ, ಅದರ ಎಣಿಕೆಗಳನ್ನೇ ಹೊಂದಿರುವ ಒಂದು ನಿಯಮಿತ ಭಾಷೆ ಇದ್ದೇ ಇರುತ್ತದೆ. aⁿbⁿ ಗೆ ಇದು ಕಣ್ಣಿಗೇ ಕಾಣುತ್ತದೆ. ಎಷ್ಟೇ ಜಟಿಲವಾದ ವ್ಯಾಕರಣಕ್ಕೂ ಏಕೆ ನಿಜ ಎಂಬುದೇ ತರಗತಿಯಲ್ಲಿ ಬಿಡಿಸಬೇಕಾದ ಗಂಟು.

ಅದಕ್ಕೆ ಮುಂಚೆ ಎಣಿಕೆಗಳ ಗಣ ಯಾವ ಆಕಾರದಲ್ಲಿರುತ್ತದೆ ಎಂದು ನೋಡೋಣ. ಹತ್ತನೇ ತರಗತಿಯ ಸಮಾಂತರ ಶ್ರೇಢಿ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. 3, 7, 11, 15... ಎಂಬ ಶ್ರೇಢಿಗೆ ಒಂದು ಮೊದಲ ಪದ, ಒಂದು ಸಾಮಾನ್ಯ ವ್ಯತ್ಯಾಸ. ಮೊದಲ ಪದದ ಜಾಗದಲ್ಲಿ (0, 0, 1) ನಂಥ ಒಂದು ಎಣಿಕೆಯನ್ನಿಡಿ. ವ್ಯತ್ಯಾಸ ಒಂದೇ ಇರಬೇಕಿಲ್ಲ, ಎರಡೋ ಮೂರೋ ಇರಲಿ, ಪ್ರತಿಯೊಂದನ್ನೂ ಬೇಕಾದಷ್ಟು ಸಲ ಕೂಡಿಸಲು ಅವಕಾಶವಿರಲಿ. ಹೀಗೆ ಸಿಗುವ ಗಣಕ್ಕೆ ರೇಖೀಯ ಗಣ ಎನ್ನೋಣ. ಇಂಥ ಕೆಲವು, ಅಂದರೆ ಪರಿಮಿತ ಸಂಖ್ಯೆಯ, ಗಣಗಳ ಸಂಯೋಗ ಅರೆರೇಖೀಯ ಗಣ. ಸಂದರ್ಭಮುಕ್ತ ಭಾಷೆಯ ಎಣಿಕೆಗಳು ಯಾವಾಗಲೂ ಅರೆರೇಖೀಯ ಗಣವಾಗಿರುತ್ತವೆ ಎಂದು ತೋರಿಸಿದರೆ ಉಳಿದದ್ದು ಸುಲಭ. ಮೊದಲ ಪದಕ್ಕೆ ತಕ್ಕ ಒಂದು ಪದವನ್ನು ಬರೆದು, ಪ್ರತಿ ವ್ಯತ್ಯಾಸಕ್ಕೂ ತಕ್ಕ ಒಂದೊಂದು ಪದವನ್ನು ನಕ್ಷತ್ರ ಚಿಹ್ನೆಯೊಂದಿಗೆ ಅದರ ಮುಂದೆ ಸಾಲಾಗಿ ಇಟ್ಟರೆ ನಿಯಮಿತ ಅಭಿವ್ಯಕ್ತಿ ಸಿದ್ಧವಾಗುತ್ತದೆ.

ಈಗ ಒಂದು ವ್ಯಾಕರಣವನ್ನು ತೆಗೆದುಕೊಂಡು ಕೊನೆಯವರೆಗೂ ಬಿಡಿಸೋಣ.

```
S → aSb | ab | A
A → bAcc | c
```

S ಮತ್ತು A ಚರ ಸಂಕೇತಗಳು. a, b, c ಅಂತಿಮ ಅಕ್ಷರಗಳು. S ನಿಂದ ಆರಂಭಿಸಿ, A ಯನ್ನು ಮುಟ್ಟದೆಯೇ ಮುಗಿಸಿದರೆ aⁿbⁿ ಬರುತ್ತದೆ. A ಗೆ ಇಳಿದರೆ ನಡುವೆ bᵐc²ᵐ⁺¹ ಬೆಳೆಯುತ್ತದೆ, ಸುತ್ತಲೂ a ಗಳೂ b ಗಳೂ ಇರುತ್ತವೆ. ಒಂದು ಪದವನ್ನು ಹಂತ ಹಂತವಾಗಿ ಹಲಗೆಯ ಮೇಲೆ ಬರೆಯಿರಿ: S, aSb, aaSbb, aaAbb, aabAccbb, aabbAccccbb, ಕೊನೆಗೆ aabbcccccbb. ಇದರ ಎಣಿಕೆ (2, 4, 5).

ಇದರ ಪಾರ್ಸ್ ಮರವನ್ನು ಬಿಡಿಸಿದರೆ ನಡುವಿನ ಕಾಂಡದಲ್ಲಿ ಮೇಲಿನಿಂದ ಕೆಳಕ್ಕೆ S, S, S, A, A, A ಎಂದು ಆರು ಗಿಣ್ಣುಗಳು ಕಾಣುತ್ತವೆ. ಮೊದಲ S ಗಿಣ್ಣಿನಿಂದ ಎರಡನೇ S ಗಿಣ್ಣಿನವರೆಗಿನ ತುಂಡನ್ನು ಕತ್ತರಿಸಿ ತೆಗೆದು, ಎರಡನೇ S ಅನ್ನು ಮೊದಲನೆಯದರ ಜಾಗಕ್ಕೆ ಜೋಡಿಸಿ. ಮರ ಇನ್ನೂ ಸರಿಯಾಗಿಯೇ ಇದೆ. ಕಳೆದುಹೋದದ್ದು ಒಂದು a, ಒಂದು b. ಹಾಗೆಯೇ A ಯಿಂದ A ವರೆಗಿನ ತುಂಡನ್ನು ತೆಗೆದರೆ ಒಂದು b, ಎರಡು c ಕಡಿಮೆಯಾಗುತ್ತವೆ. ತೋಟದ ಕೆಲಸ ಬಲ್ಲವರಿಗೆ ಇದು ಕಸಿ ಕಟ್ಟುವ ಹಾಗೆ: ಒಂದೇ ಜಾತಿಯ ಗಿಣ್ಣು ಎರಡು ಕಡೆ ಇದ್ದರೆ ನಡುವಿನ ತುಂಡನ್ನು ತೆಗೆಯಬಹುದು, ಮತ್ತೆ ಸೇರಿಸಬಹುದು, ಇನ್ನೊಂದು ಸೇರಿಸಬಹುದು. ಅದಕ್ಕೇ ಈ ತುಂಡುಗಳನ್ನು ಕಸಿ ತುಂಡು ಎಂದು ಕರೆಯುತ್ತೇನೆ. ಪುಸ್ತಕದಲ್ಲಿ ಪಂಪಿಂಗ್ ಎಂಬ ಹೆಸರಿನಲ್ಲಿ ಬರುವುದೂ ಇದೇ. ರಟ್ಟಿನಲ್ಲಿ ಮರ ಮಾಡಿಕೊಂಡು ಕತ್ತರಿಯಿಂದ ನಿಜವಾಗಿಯೇ ಕತ್ತರಿಸಿ ತೋರಿಸುವುದು ಒಳ್ಳೆಯದು. ಚಿತ್ರದಲ್ಲಿ ಅಳಿಸಿ ಬರೆದರೆ ಕೆಳಗಿನ ಭಾಗ ಹಾಗೇ ಮೇಲಕ್ಕೆ ಬರುತ್ತದೆ ಎಂಬ ಅಂಶ ಮರೆಯಾಗುತ್ತದೆ.

ಇಲ್ಲಿ ಮಣಿಗಳ ಪಾತ್ರ ಮುಖ್ಯ. ಕಸಿ ತುಂಡಿನ ಅಕ್ಷರಗಳು ಪದದಲ್ಲಿ ಒಂದೇ ಜಾಗದಲ್ಲಿ ಇರುವುದಿಲ್ಲ. ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ಹಂಚಿಹೋಗುತ್ತವೆ. ಈ ಎಡ-ಬಲದ ಜೊತೆಗಾರಿಕೆಯೇ ಸಂದರ್ಭಮುಕ್ತ ಭಾಷೆಯ ಹೆಚ್ಚುಗಾರಿಕೆ, ಪರಿಮಿತ ಯಂತ್ರಕ್ಕೆ ನಿಲುಕದ್ದೂ ಅದೇ. ದಾರ ಕತ್ತರಿಸಿದ ಕೂಡಲೇ ಎಡ ಯಾವುದು ಬಲ ಯಾವುದು ಎಂಬ ಭೇದ ಅಳಿದು, ಎರಡೂ ಬದಿಯ ಮಣಿಗಳು ಒಂದೇ ಕಂತೆಯಾಗುತ್ತವೆ. ಒಂದು ಕಂತೆಯನ್ನು ಬೇಕಾದಷ್ಟು ಸಲ ಬರೆಯುವುದು ನಿಯಮಿತ ಭಾಷೆಗೆ ನೀರು ಕುಡಿದಷ್ಟು ಸುಲಭ.

ಇಷ್ಟಕ್ಕೇ ಮುಗಿಯಿತು ಎಂದು ಅನ್ನಿಸುವ ಹಂತ ಇದು. ಸಣ್ಣ ಮರಗಳನ್ನೆಲ್ಲ ಮೊದಲ ಪದಗಳೆಂದು ಬರೆಯೋಣ, ಸಣ್ಣ ಕಸಿ ತುಂಡುಗಳನ್ನೆಲ್ಲ ವ್ಯತ್ಯಾಸಗಳೆಂದು ಬರೆಯೋಣ, ಎಲ್ಲವನ್ನೂ ಎಲ್ಲದಕ್ಕೂ ಕೂಡಿಸೋಣ! ಸೆಮಿನಾರಿನಲ್ಲಿ ಮೊದಲು ಬಂದ ಉತ್ತರವೂ ಇದೇ. ನಮ್ಮ ವ್ಯಾಕರಣದ ಮೇಲೆಯೇ ಪರೀಕ್ಷಿಸಿ. ab ಎಂಬ ಸಣ್ಣ ಪದದ ಎಣಿಕೆ (1, 1, 0). A ಯ ಕಸಿ ತುಂಡು (0, 1, 2). ಕೂಡಿಸಿದರೆ (1, 2, 2). ಈ ಎಣಿಕೆಯ ಪದ ಭಾಷೆಯಲ್ಲಿ ಇದೆಯೇ? A ಬಂದ ಪದಗಳಲ್ಲಿ c ಗಳ ಸಂಖ್ಯೆ ಯಾವಾಗಲೂ ಬೆಸ. A ಬಾರದ ಪದಗಳಲ್ಲಿ c ಯೇ ಇಲ್ಲ. ಎರಡು c ಇರುವ ಪದ ಇರಲು ಸಾಧ್ಯವೇ ಇಲ್ಲ. ಕಾರಣ ಸರಳ: ab ಯ ಮರದಲ್ಲಿ A ಎಂಬ ಗಿಣ್ಣೇ ಇಲ್ಲ, ಕಸಿ ಕಟ್ಟುವುದು ಎಲ್ಲಿಗೆ?

ಆದ್ದರಿಂದ ಮರಗಳನ್ನು ಅವುಗಳಲ್ಲಿ ಬಂದಿರುವ ಚರಗಳ ಪ್ರಕಾರ ಬೇರೆ ಬೇರೆ ಗುಂಪು ಮಾಡಬೇಕು. S ಮಾತ್ರ ಬಂದಿರುವ ಮರಗಳು ಒಂದು ಗುಂಪು. S ಮತ್ತು A ಎರಡೂ ಬಂದಿರುವವು ಇನ್ನೊಂದು. ಮೊದಲ ಗುಂಪಿನಲ್ಲಿ ಮೊದಲ ಪದ (1, 1, 0), ವ್ಯತ್ಯಾಸ (1, 1, 0). ಎರಡನೇ ಗುಂಪಿನಲ್ಲಿ ಅತಿ ಸಣ್ಣ ಮರ S ನಿಂದ A ಗೆ, A ಯಿಂದ c ಗೆ ಇಳಿಯುವುದು. ಮೊದಲ ಪದ (0, 0, 1), ವ್ಯತ್ಯಾಸಗಳು (1, 1, 0) ಮತ್ತು (0, 1, 2). ನಾವು ಬಿಡಿಸಿದ ಪದವನ್ನು ತಾಳೆ ನೋಡಿ: (0, 0, 1) ಕ್ಕೆ (1, 1, 0) ಅನ್ನು ಎರಡು ಸಲ, (0, 1, 2) ಅನ್ನು ಎರಡು ಸಲ ಕೂಡಿಸಿದರೆ (2, 4, 5). ಸರಿಯಾಗಿದೆ. ಇದಕ್ಕೆ ಸಮನಾದ ನಿಯಮಿತ ಭಾಷೆ:

```
ab(ab)*  ∪  c(ab)*(bcc)*
```

ಮೂಲ ಭಾಷೆಯ ಪದಗಳಿಗೂ ಇದರ ಪದಗಳಿಗೂ ನೋಟದಲ್ಲಿ ಹೋಲಿಕೆಯೇ ಇಲ್ಲ. ಲೋಟಗಳಲ್ಲಿ ಬೀಳುವ ಮಣಿಗಳು ಮಾತ್ರ ಒಂದೇ.

ಯಾವುದೇ ವ್ಯಾಕರಣಕ್ಕೆ ಇದನ್ನು ಸಾಧಿಸಲು ಎರಡು ದಿಕ್ಕಿನಲ್ಲಿ ವಾದ ಬೇಕು. ಒಂದು ಗುಂಪನ್ನು ಹಿಡಿಯೋಣ. ಅದರ ಮರಗಳಲ್ಲಿ ಬರುವ ಚರಗಳು k ಇರಲಿ. ಕೂಡಿಸುವ ದಿಕ್ಕು ಸುಲಭ: ಗುಂಪಿನ ಪ್ರತಿ ಮರದಲ್ಲೂ k ಚರಗಳೆಲ್ಲವೂ ಇವೆ, ಹಾಗಾಗಿ ಅದೇ ಚರಗಳಿಂದಾದ ಯಾವ ಕಸಿ ತುಂಡನ್ನಾದರೂ ಕಟ್ಟಲು ಗಿಣ್ಣು ಸಿಕ್ಕೇ ಸಿಗುತ್ತದೆ, ಹೊಸ ಮರವೂ ಅದೇ ಗುಂಪಿನಲ್ಲಿ ಉಳಿಯುತ್ತದೆ. ಕಳೆಯುವ ದಿಕ್ಕಿನಲ್ಲಿ ಸ್ವಲ್ಪ ನಿಧಾನಿಸಬೇಕು. ದೊಡ್ಡ ಮರದಿಂದ ಒಂದು ತುಂಡನ್ನು ತೆಗೆದಾಗ ಯಾವ ಚರವೂ ಪೂರ್ತಿಯಾಗಿ ಮಾಯವಾಗಬಾರದು. ಮಾಯವಾದರೆ ಮರ ಬೇರೆ ಗುಂಪಿಗೆ ಜಾರುತ್ತದೆ.

ಹಾಗೆ ಜಾರುವುದು ಹೇಗೆಂದು ತೋರಿಸಲು S → aAS | b, A → c ಎಂಬ ಪುಟ್ಟ ವ್ಯಾಕರಣ ಸಾಕು. acb ಎಂಬ ಪದದ ಮರದಲ್ಲಿ S ಎರಡು ಸಲ ಬರುತ್ತದೆ, ಆದರೆ ನಡುವಿನ ತುಂಡಿಗೆ ಮರದ ಒಂದೇ ಒಂದು A ಅಂಟಿಕೊಂಡಿದೆ. ತುಂಡನ್ನು ತೆಗೆದರೆ A ಯೂ ಹೋಗುತ್ತದೆ. acacb ಯಲ್ಲಾದರೆ S ಮೂರು ಸಲ, ತುಂಡುಗಳು ಎರಡು. ಒಂದನ್ನು ತೆಗೆದರೂ ಇನ್ನೊಂದರಲ್ಲಿ A ಉಳಿಯುತ್ತದೆ.

ಇದೇ ವಾದ ಸಾಮಾನ್ಯವಾಗಿಯೂ ನಡೆಯುತ್ತದೆ. ಮರದ ಯಾವುದೋ ಒಂದು ದಾರಿಯಲ್ಲಿ ಒಂದೇ ಚರ, B ಎನ್ನೋಣ, k+1 ಸಲ ಬಂದಿದ್ದರೆ ಅವುಗಳ ನಡುವೆ k ತುಂಡುಗಳಿವೆ. B ಯನ್ನು ಬಿಟ್ಟರೆ ಉಳಿದ ಚರಗಳು k−1. ಪ್ರತಿ ಚರವೂ ಹೆಚ್ಚೆಂದರೆ ಒಂದು ತುಂಡಿನ ಮೇಲೆ 'ಇದನ್ನು ತೆಗೆಯಬೇಡಿ, ನಾನಿರುವುದು ಇಲ್ಲಿ ಮಾತ್ರ' ಎಂದು ಹಕ್ಕು ಹೂಡಬಹುದು. ಎರಡು ಕಡೆ ಇರುವ ಚರಕ್ಕೆ ಆ ಹಕ್ಕೇ ಇಲ್ಲ. ಹಕ್ಕುದಾರರು k−1, ತುಂಡುಗಳು k. ಯಾರೂ ಕೇಳದ ತುಂಡು ಒಂದಾದರೂ ಇರುತ್ತದೆ. ಅದನ್ನು ತೆಗೆಯಿರಿ. B ಸ್ವತಃ ಹೇಗೂ ಉಳಿದಿರುತ್ತದೆ. ಪಾರಿವಾಳ ಗೂಡಿನ ತತ್ವ ಇಷ್ಟು ಅಚ್ಚುಕಟ್ಟಾಗಿ ಬಳಕೆಯಾಗುವ ಸಾಧನೆಗಳು ನಮ್ಮ ಪಠ್ಯಕ್ರಮದಲ್ಲಿ ಹೆಚ್ಚಿಲ್ಲ ಎಂಬುದು ನನ್ನ ಅಭಿಪ್ರಾಯ.

ಒಂದು ಕೊಂಡಿ ಬಾಕಿಯಿದೆ: ಕಸಿ ತುಂಡುಗಳ ಪಟ್ಟಿ ಪರಿಮಿತವಾಗಿರಬೇಕು. ಅದಕ್ಕಾಗಿ k+1 ಸಲ ಮರುಕಳಿಸುವ ಚರವನ್ನು ಮರದ ಎಲ್ಲೆಂದರಲ್ಲಿ ಹುಡುಕದೆ, ಸಾಧ್ಯವಾದಷ್ಟು ಕೆಳಗೆ ಹುಡುಕಬೇಕು. ಅಂಥ ಅತಿ ಕೆಳಗಿನ ಜಾಗವನ್ನು ಆರಿಸಿಕೊಂಡರೆ, ಆ ಗಿಣ್ಣಿನ ಕೆಳಗಿನ ಯಾವ ದಾರಿಯಲ್ಲೂ ಯಾವ ಚರವೂ k ಸಲಕ್ಕಿಂತ ಹೆಚ್ಚು ಬರುವುದಿಲ್ಲ. ಅಂದರೆ ಒಂದು ದಾರಿಯಲ್ಲಿ ಹೆಚ್ಚೆಂದರೆ k×k ಚರಗಳು. ಎತ್ತರಕ್ಕೆ ಮಿತಿ ಬಿದ್ದ ಮೇಲೆ ತುಂಡುಗಳ ಸಂಖ್ಯೆಗೂ ಮಿತಿ ಬಿತ್ತು. ತೆಗೆಯುತ್ತಾ ಹೋದಂತೆ ಮರ ಚಿಕ್ಕದಾಗುತ್ತಲೇ ಹೋಗಿ, ಯಾವ ದಾರಿಯಲ್ಲೂ k+1 ಸಲ ಯಾವುದೂ ಮರುಕಳಿಸದ ಸಣ್ಣ ಮರದಲ್ಲಿ ನಿಲ್ಲುತ್ತದೆ. ಅಂಥ ಸಣ್ಣ ಮರಗಳೂ ಪರಿಮಿತ. ಅವೇ ಮೊದಲ ಪದಗಳು, ತೆಗೆದ ತುಂಡುಗಳೇ ವ್ಯತ್ಯಾಸಗಳು. ಚರಗಳ ಗುಂಪುಗಳೂ ಪರಿಮಿತವಾದ್ದರಿಂದ ಒಟ್ಟು ಸಂಯೋಗ ಅರೆರೇಖೀಯ. ಸಾಧನೆ ಇಲ್ಲಿಗೆ ಪೂರ್ಣ.

ಪ್ರಮೇಯದ ಉಪಯೋಗ ತಕ್ಷಣ ಕಾಣುವುದು ವರ್ಣಮಾಲೆಯಲ್ಲಿ ಒಂದೇ ಅಕ್ಷರವಿದ್ದಾಗ. ಆಗ ಪದವೂ ಅದರ ಎಣಿಕೆಯೂ ಒಂದೇ. ಕತ್ತರಿಸಿದರೆ ಕಳೆದುಹೋಗಲು ಕ್ರಮವೆಂಬುದೇ ಇಲ್ಲ. ಹಾಗಾಗಿ ಒಂದೇ ಅಕ್ಷರದ ಮೇಲಿನ ಪ್ರತಿ ಸಂದರ್ಭಮುಕ್ತ ಭಾಷೆಯೂ ನಿಯಮಿತ. a, aaaa, a ಒಂಬತ್ತು ಸಲ, ಹದಿನಾರು ಸಲ... ಹೀಗೆ ವರ್ಗಸಂಖ್ಯೆಯ ಉದ್ದದ ಪದಗಳ ಭಾಷೆಯನ್ನು ನೋಡಿ. ಅದು ಸಂದರ್ಭಮುಕ್ತವಾಗಿದ್ದರೆ, ಅಪರಿಮಿತವಾದ್ದರಿಂದ, ಅದರ ಉದ್ದಗಳಲ್ಲಿ ಒಂದಾದರೂ ಕೊನೆಯಿಲ್ಲದ ಸಮಾಂತರ ಶ್ರೇಢಿ ಇರಬೇಕು. ಆದರೆ ಅನುಕ್ರಮ ವರ್ಗಗಳ ಅಂತರ 3, 5, 7, 9 ಎಂದು ಬೆಳೆಯುತ್ತಲೇ ಹೋಗುತ್ತದೆ. ಸಾಮಾನ್ಯ ವ್ಯತ್ಯಾಸ ಯಾವುದೇ ಇರಲಿ, ಸ್ವಲ್ಪ ಮುಂದೆ ಅಂತರ ಅದನ್ನು ದಾಟುತ್ತದೆ. ಆದ್ದರಿಂದ ಈ ಭಾಷೆ ಸಂದರ್ಭಮುಕ್ತವಲ್ಲ. ಪಂಪಿಂಗ್ ಪ್ರಮೇಯದಿಂದಲೂ ಇದನ್ನು ಸಾಧಿಸಬಹುದು, ಆದರೆ ಪ್ರೌಢಶಾಲೆಯ ಗಣಿತವಷ್ಟೇ ಗೊತ್ತಿರುವವರಿಗೂ ಈ ದಾರಿ ಅರ್ಥವಾಗುತ್ತದೆ.

ಪ್ರಮೇಯ ಯಂತ್ರದ ಗಾತ್ರದ ಬಗ್ಗೆ ಏನನ್ನೂ ಭರವಸೆ ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. A₀ → A₁A₁, A₁ → A₂A₂ ಎಂದು A₉ → A₁₀A₁₀ ವರೆಗೆ ಬರೆದು, A₁₀ → a ಎಂದು ಮುಗಿಸಿ. ಹನ್ನೊಂದು ನಿಯಮಗಳ ಈ ವ್ಯಾಕರಣ ಒಂದೇ ಒಂದು ಪದವನ್ನು ಕೊಡುತ್ತದೆ, ಅದರಲ್ಲಿ 1024 a ಗಳು. ಅದನ್ನು ಮಾತ್ರ ಒಪ್ಪಿಕೊಳ್ಳುವ ಪರಿಮಿತ ಯಂತ್ರಕ್ಕೆ ಕನಿಷ್ಠ 1025 ಸ್ಥಿತಿಗಳು ಬೇಕು. ಇನ್ನೊಂದು ನಿಯಮ ಸೇರಿಸಿದರೆ ಅದು ಸುಮಾರು ಇಮ್ಮಡಿಯಾಗುತ್ತದೆ.

ತರಗತಿಯಲ್ಲಿ ತಪ್ಪದೆ ಏಳುವ ಪ್ರಶ್ನೆ ಪ್ರಮೇಯದ ವಿಲೋಮದ್ದು. ಎಣಿಕೆಗಳು ಅರೆರೇಖೀಯವಾಗಿದ್ದರೆ ಭಾಷೆ ಸಂದರ್ಭಮುಕ್ತ ಎನ್ನಬಹುದೇ? ಇಲ್ಲ. aⁿbⁿcⁿ ನ ಎಣಿಕೆಗಳು (1, 1, 1), (2, 2, 2), (3, 3, 3)... ಇದಕ್ಕಿಂತ ಸರಳವಾದ ರೇಖೀಯ ಗಣ ಸಿಗದು, abc(abc)* ನ ಎಣಿಕೆಗಳೂ ಇವೇ. ಆದರೂ aⁿbⁿcⁿ ಸಂದರ್ಭಮುಕ್ತವಲ್ಲ. ಎಣಿಕೆ ಅರೆರೇಖೀಯವಲ್ಲದಿದ್ದರೆ ಭಾಷೆಯನ್ನು ತಿರಸ್ಕರಿಸಬಹುದು. ಅರೆರೇಖೀಯವಾಗಿದ್ದರೆ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಮೌಲ್ಯಮಾಪನಕ್ಕೆ ಪ್ರಶ್ನೆ ಕೊಡುವಾಗ ಈ ಎರಡನೇ ಬಗೆಯದೊಂದನ್ನು ಸೇರಿಸಿದರೆ ಕಲಿಕಾರ್ಥಿ ಪ್ರಮೇಯದ ದಿಕ್ಕನ್ನು ಹಿಡಿದಿದ್ದಾನೋ ಇಲ್ಲವೋ ಎಂದು ಕೂಡಲೇ ತಿಳಿಯುತ್ತದೆ.

ಇನ್ನೊಂದು ಸೂಕ್ಷ್ಮ ಪ್ರಶ್ನೆಯನ್ನು ಸೆಮಿನಾರಿನಲ್ಲಿ ಗೆಳತಿಯೊಬ್ಬಳು ಎತ್ತಿದಳು: ಒಂದೇ ಎಣಿಕೆ ಬರುವ ಎಲ್ಲ ಸರಗಳನ್ನೂ, ಅಂದರೆ ಮಣಿಗಳನ್ನು ಹೇಗೆ ಬೇಕಾದರೂ ಮತ್ತೆ ಪೋಣಿಸಿದ ಸರಗಳನ್ನೆಲ್ಲ, ಸೇರಿಸಿಕೊಂಡರೆ ನಿಯಮಿತ ಭಾಷೆಯೇ ಸಿಗುತ್ತದೆಯೇ? ಪ್ರಮೇಯ ಹೇಳುವುದು ಅಂಥ ಸರಗಳಲ್ಲಿ ಕೆಲವನ್ನು ಜಾಣತನದಿಂದ ಆರಿಸಿಕೊಂಡರೆ ನಿಯಮಿತ ಭಾಷೆಯೊಂದು ಸಿಗುತ್ತದೆ ಎಂದು ಮಾತ್ರ. abc(abc)* ನ ಪ್ರತಿ ಪದವನ್ನೂ ಎಲ್ಲ ರೀತಿಯಲ್ಲಿ ಕಲಸಿದರೆ, a, b, c ಗಳು ಸಮಸಂಖ್ಯೆಯಲ್ಲಿರುವ ಎಲ್ಲ ಪದಗಳ ಭಾಷೆ ಬರುತ್ತದೆ. ಅದರಿಂದ, a ಗಳೆಲ್ಲ ಮೊದಲು, b ಗಳೆಲ್ಲ ಆಮೇಲೆ, c ಗಳೆಲ್ಲ ಕೊನೆಗೆ ಇರುವ ಪದಗಳನ್ನಷ್ಟೇ ಸೋಸಿ ತೆಗೆದರೆ ಉಳಿಯುವುದು aⁿbⁿcⁿ. ಸೋಸುವ a*b*c* ನಿಯಮಿತ. ಸಂದರ್ಭಮುಕ್ತ ಭಾಷೆಯನ್ನು ನಿಯಮಿತ ಭಾಷೆಯಿಂದ ಸೋಸಿದರೆ ಸಂದರ್ಭಮುಕ್ತ ಭಾಷೆಯೇ ಉಳಿಯಬೇಕು. ಹಾಗಾಗಿ ಕಲಸಿದ ಭಾಷೆ ನಿಯಮಿತವಾಗಿರುವುದಂತೂ ದೂರ, ಸಂದರ್ಭಮುಕ್ತವೂ ಆಗಿರಲಾರದು.